ಮಾರಿಯೋನ ಇಟ್ಟಿಗೆ ಎಣಿಸಿ ನೋಡಿ

ವೇಣೂರಿನ ನಮ್ಮ ಮನೆಯ ಚಾವಡಿಯಲ್ಲಿ ಈಗ 43 ಇಂಚಿನ ಟಿವಿ ಇದೆ. ಕಳೆದ ಮಳೆಗಾಲ ಅದಕ್ಕೆ ಲ್ಯಾಪ್‌ಟಾಪ್ ಜೋಡಿಸಿ ರೆಟ್ರೋಆರ್ಚ್‌ನಲ್ಲಿ 'ಸೂಪರ್ ಮಾರಿಯೋ ಬ್ರದರ್ಸ್' ಹಾಕಿದೆ. ಅಕ್ಕನ ಮಗ ಸ್ವಲ್ಪ ಹೊತ್ತು ನೋಡಿ, "ಮಾವ, ಇಟ್ಟಿಗೆಗಳು ನಡುಗುತ್ತವಲ್ಲ?" ಎಂದ. ಅವನ ಕಣ್ಣು ಸರಿಯಾಗಿಯೇ ಇತ್ತು.

ಆ ಆಟದ ಚಿತ್ರ ಅಡ್ಡಕ್ಕೆ 256, ಉದ್ದಕ್ಕೆ 240 ಪಿಕ್ಸೆಲ್. ನಮ್ಮ ಟಿವಿಯದು 1920, 1080. ಎತ್ತರವನ್ನು ಪೂರ್ತಿ ತುಂಬಿಸಿದರೆ ಒಂದು ಸಾಲಿಗೆ ನಾಲ್ಕೂವರೆ ಸಾಲು ಬೇಕು. ಅರ್ಧ ಸಾಲು ಎಂಬುದಿಲ್ಲ; ಹಾಗಾಗಿ ಕೆಲವು ಸಾಲು ನಾಲ್ಕು, ಕೆಲವು ಐದು ದಪ್ಪವಾಗುತ್ತವೆ. ಅಗಲದಲ್ಲೂ ಇದೇ ಕಥೆ. ಚಿತ್ರ ಪಕ್ಕಕ್ಕೆ ಸರಿಯುವಾಗ ಇಟ್ಟಿಗೆಯ ಸಂದಿನ ಗೆರೆ ಒಮ್ಮೆ ದಪ್ಪ, ಒಮ್ಮೆ ಸಪೂರ ಆಗುತ್ತದೆ. ಅದೇ ನಡುಕ. ಮುರಕಲ್ಲಿನ ಗೋಡೆಯಲ್ಲಿ ಒಂದೊಂದು ವರಸೆಗೆ ಒಂದೊಂದು ಅಳತೆಯ ಕಲ್ಲು ಇಟ್ಟ ಹಾಗೆ. `Bilinear Filtering` ಹಾಕಿದರೆ ನಡುಕ ಅಡಗೀತು, ಆದರೆ ಅಂಚುಗಳೆಲ್ಲ ಮಸುಕಾಗುತ್ತವೆ. ಅದು ನನಗೆ ಒಪ್ಪಿಗೆಯಿಲ್ಲ.

ಮದ್ದು ಇಷ್ಟೇ: ಸಾಲೊಂದಕ್ಕೆ ಸರಿಯಾಗಿ ನಾಲ್ಕು ಕೊಡುವುದು. `Settings > Video > Scaling` ಒಳಗೆ `Integer Scale` ಆನ್ ಮಾಡಿ. ಎತ್ತರ 960 ಆಗುತ್ತದೆ, ಮೇಲೆ ಕೆಳಗೆ ಅರುವತ್ತರುವತ್ತು ಸಾಲು ಕಪ್ಪಾಗಿ ಉಳಿಯುತ್ತದೆ. ಉಳಿಯಲಿ. ಅಗಲಕ್ಕೂ ನಾಲ್ಕೇ ಕೊಟ್ಟರೆ ಮಾರಿಯೋ ಹಳೆಯ ಟಿವಿಯಲ್ಲಿದ್ದುದಕ್ಕಿಂತ ಸಪೂರ ಕಾಣುತ್ತಾನೆ. ನಾನು ಅಗಲಕ್ಕೆ ಐದು ಕೊಟ್ಟೆ: 1280ಕ್ಕೆ 960, ಹಳೆಯ ಟಿವಿಯ 4:3 ಆಕಾರವೇ ಬಂತು. `Aspect Ratio`ದಲ್ಲಿ `Custom` ಆರಿಸಿ ಈ ಎರಡು ಸಂಖ್ಯೆ ತುಂಬಿದರಾಯಿತು. 4ಕೆ ಟಿವಿ ಇದ್ದವರಿಗೆ 240ರ ಒಂಬತ್ತು ಪಟ್ಟು ಸರಿಯಾಗಿ 2160. ಮೇಲೆ ಕೆಳಗೆ ಅಂಚು ಉಳಿಯುವುದೇ ಇಲ್ಲ.

ಇಷ್ಟಾದರೂ ನಡುಕ ನಿಲ್ಲದಿದ್ದರೆ ಟಿವಿಯನ್ನು ಅನುಮಾನಿಸಿ. ಎಷ್ಟೋ ಟಿವಿಗಳು ಬಂದ ಚಿತ್ರವನ್ನು ತಾವೇ ಇನ್ನಷ್ಟು ಹಿಗ್ಗಿಸುತ್ತವೆ. ಲ್ಯಾಪ್‌ಟಾಪ್‌ನ ಪರದೆಯ ಅಂಚು ಟಿವಿಯಲ್ಲಿ ಕತ್ತರಿಸಿಹೋಗಿದ್ದರೆ ಅದೇ ಗುರುತು. `Just Scan` ಅಥವಾ `Screen Fit` ಎಂಬ ಆಯ್ಕೆ ಹುಡುಕಿ. ಶಾರ್ಪ್‌ನೆಸ್ಸನ್ನೂ ಇಳಿಸಿ.

ಸ್ಕ್ಯಾನ್‌ಲೈನ್ ಇದರ ನಂತರದ ಮಾತು. ಹಳೆಯ ಟಿವಿ ಒಂದು ಚಿತ್ರವನ್ನು ಎರಡು ಸರದಿಯಲ್ಲಿ, ಸಾಲು ಬಿಟ್ಟು ಸಾಲು ಎಳೆಯುತ್ತಿತ್ತು. ಆಟದ ಪೆಟ್ಟಿಗೆ ಮಾತ್ರ ಪ್ರತಿ ಸರದಿಯಲ್ಲೂ ಅದೇ ಸಾಲುಗಳ ಮೇಲೆ ಎಳೆಸುತ್ತಿತ್ತು. ನಡುವಿನವು ಕಪ್ಪಾಗಿಯೇ ಇರುತ್ತಿದ್ದವು. ಚಿತ್ರ ಬಿಡಿಸಿದವರು ಆ ಪರದೆಯನ್ನು ಬಲ್ಲವರು. ಶೇಡರ್‌ಗಳಲ್ಲಿ `zfast-crt` ಹಾಕಿ ನೋಡಿ. ಈಗ ಮಾರಿಯೋನ ತಲೆಯ ಮೇಲಿನ ನೀಲಿ ಆಕಾಶದ ಹತ್ತಿರ ಹೋಗಿ. ಪ್ರತಿ ನಾಲ್ಕು ಸಾಲಿಗೊಮ್ಮೆ ಅದೇ ಬೆಳಕು, ಅದೇ ನೆರಳು ಮರಳಬೇಕು. ಅಲ್ಲಲ್ಲಿ ಅಗಲವಾದ ಮಬ್ಬು ಪಟ್ಟಿ ಕಂಡರೆ ಲೆಕ್ಕ ಎಲ್ಲೋ ತಪ್ಪಿದೆ, ಇಲ್ಲವೇ ಶೇಡರ್ ಪರದೆಯನ್ನು ಬಾಗಿಸುತ್ತಿದೆ. `crt-geom`ನಲ್ಲಿ ಆ ಬಾಗು ಇರುತ್ತದೆ, ತೆಗೆಯಿರಿ. ಫೋನಿನಲ್ಲಿ ಫೋಟೋ ತೆಗೆದು ಪರೀಕ್ಷಿಸಬೇಡಿ, ಕ್ಯಾಮೆರಾ ಇಲ್ಲದ ಪಟ್ಟಿ ತೋರಿಸುತ್ತದೆ.

ಗೆರೆಗಳು ಬಂದಷ್ಟು ಬೆಳಕು ಕುಗ್ಗುತ್ತದೆ. ಟಿವಿಯ ಬ್ಯಾಕ್‌ಲೈಟ್ ಏರಿಸಿ, ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಬಂದು ಕುಳಿತುಕೊಳ್ಳಿ.