ಮುಂಗಡದ ಅರ್ಜಿ

ಸಂಬಳದಲ್ಲಿ ಮುಂಗಡ ಕೇಳುವ ಪತ್ರಗಳಲ್ಲಿ ಹೆಚ್ಚಿನವು ಕಷ್ಟ ತೋಡಿಕೊಳ್ಳುವುದರಲ್ಲೇ ಪುಟ ಮುಗಿಸುತ್ತವೆ. ಅರ್ಜಿಗಳನ್ನು ರುಚಿ ನೋಡುತ್ತ ಓದುವ ಚಟದ ನಾನು ಮೊದಲು ಕಣ್ಣು ಹಾಯಿಸುವುದು ತೀರಿಸುವ ಲೆಕ್ಕದ ಮೇಲೆ.

ಸಿರಿಗೆರೆಯಲ್ಲಿ ಮನೆ, ಭೀಮಸಮುದ್ರದ ಅಡಿಕೆ ಮಂಡಿಯಲ್ಲಿ ಗುಮಾಸ್ತಿಕೆ ಇರುವ ಒಬ್ಬರನ್ನು ಊಹಿಸಿಕೊಳ್ಳಿ. ಕೈಗೆ ಬರುವ ಸಂಬಳ 18,000. ಆಗಸ್ಟಿನಲ್ಲಿ ಬೋರ್‌ವೆಲ್ ಮೋಟರ್ ಸುಟ್ಟಿದೆ, 24,000 ಬೇಕು. ಆತುರದಲ್ಲಿ ಬರೆದರೆ ‘ತಿಂಗಳಿಗೆ 6,000ದಂತೆ ನಾಲ್ಕೇ ತಿಂಗಳಲ್ಲಿ ತೀರಿಸುತ್ತೇನೆ’ ಎಂದುಬಿಡುತ್ತಾರೆ. ಮಾಲೀಕರಿಗೆ ಕೇಳಲು ಚೆಂದ. ಆದರೆ ಮನೆಖರ್ಚು, ಸಂಘದ ಕಂತು ಕಳೆದು ಆ ಮನೆಯಲ್ಲಿ ಉಳಿಯುವುದು 3,500 ಮಾತ್ರ. ಎರಡನೇ ತಿಂಗಳಿಗೇ ಕೈಸಾಲ, ಮೂರನೆಯದಕ್ಕೆ ಮತ್ತೊಂದು ಮುಂಗಡ.

ಅದೇ ಅರ್ಜಿ ಸರಿಯಾಗಿ ಬರೆದರೆ ಹೀಗಿರುತ್ತದೆ:

‘ಮಾನ್ಯರೆ, ಮೋಟರ್ ದುರಸ್ತಿಗಾಗಿ 24,000 ರೂಪಾಯಿ ಮುಂಗಡ ಕೋರುತ್ತೇನೆ. ಅಂದಾಜು ಪಟ್ಟಿ ಲಗತ್ತಿಸಿದೆ. ಸೆಪ್ಟೆಂಬರ್, ಅಕ್ಟೋಬರ್ ಸಂಬಳದಲ್ಲಿ ತಲಾ 3,000 ಮುರಿದುಕೊಳ್ಳಬಹುದು, ಬಾಕಿ 18,000. ನವೆಂಬರಿನಲ್ಲಿ ದೀಪಾವಳಿ ಇರುವುದರಿಂದ 1,500, ಬಾಕಿ 16,500. ಡಿಸೆಂಬರಿನಲ್ಲಿ ಸಂಬಳದಿಂದ 3,000, ಮನೆಯ ಅಡಿಕೆ ಮಾರಿ ನಗದಾಗಿ 3,000, ಬಾಕಿ 10,500. ಜನವರಿಯಿಂದ ಮಾರ್ಚ್‌ವರೆಗೆ ತಲಾ 3,000, ಬಾಕಿ 1,500. ಅದು ಏಪ್ರಿಲ್‌ನಲ್ಲಿ ಚುಕ್ತಾ. ನಡುವೆ ಕೆಲಸ ಬಿಟ್ಟರೆ ಉಳಿದ ಬಾಕಿಯನ್ನು ನನ್ನ ಅಂತಿಮ ಲೆಕ್ಕದಲ್ಲಿ ಹಿಡಿದುಕೊಳ್ಳಲು ಒಪ್ಪಿಗೆ ಇದೆ.’

ನನಗೆ ಇಷ್ಟವಾಗುವುದು ನವೆಂಬರಿನ 1,500. ಹಬ್ಬದ ತಿಂಗಳೂ ಉಳಿದ ತಿಂಗಳಿನಷ್ಟೇ ಕಟ್ಟುತ್ತೇನೆ ಎನ್ನುವವರು ಮನೆಯ ಲೆಕ್ಕ ಹಾಕದೆ ಬರೆದಿರುತ್ತಾರೆ. ಪ್ರತಿ ಕಂತಿನ ಮುಂದೆ ಬಾಕಿ ಬರೆದಿರುವುದರಿಂದ ಯಜಮಾನರು ಲೆಕ್ಕ ಮಾಡಿ ತಲೆ ಕೆಡಿಸಿಕೊಳ್ಳಬೇಕಿಲ್ಲ, ಕಿರ್ದಿಯ ಜೊತೆ ತಾಳೆ ನೋಡಿದರೆ ಸಾಕು. ಅಡಿಕೆಯ ದುಡ್ಡು ಮಾತ್ರ ಧಾರಣೆಯನ್ನು ನಂಬಿದ್ದು. ಅದಕ್ಕೇ ಜಾಣರು ‘ಅದು ಬಾರದಿದ್ದರೆ ಏಪ್ರಿಲ್‌ನ 1,500ರ ಬದಲು ಏಪ್ರಿಲ್, ಮೇ ಎರಡೂ ಸಂಬಳದಲ್ಲಿ ತಲಾ 2,250 ಮುರಿಯಿರಿ’ ಎಂದು ಇನ್ನೊಂದು ಸಾಲು ಸೇರಿಸುತ್ತಾರೆ.

ಮಾಲೀಕರೂ ಮನಬಂದಷ್ಟು ಮುರಿಯುವಂತಿಲ್ಲ. 1936ರ ವೇತನ ಪಾವತಿ ಕಾಯ್ದೆ ಮುಂಗಡದ ವಸೂಲಿಗೆ ಅವಕಾಶ ಕೊಟ್ಟರೂ, ಸಾಮಾನ್ಯವಾಗಿ ಒಟ್ಟು ಕಡಿತ ಸಂಬಳದ ಅರ್ಧ ದಾಟಬಾರದು ಎಂದಿತು. 2019ರ ವೇತನ ಸಂಹಿತೆಯಲ್ಲೂ ಅರ್ಧವೇ ಮಿತಿ. ಇದನ್ನು ಅರ್ಜಿಯಲ್ಲಿ ಬರೆಯುವುದು ಬೇಡ, ಕೇಳಿಕೊಳ್ಳುವ ಕಾಗದದಲ್ಲಿ ಕಾನೂನು ಜಗಳದ ಧ್ವನಿ ತರುತ್ತದೆ. ತಿಳಿದಿದ್ದರೆ ಸಾಕು.

ಅರ್ಜಿ ಎರಡು ಪ್ರತಿ ಇರಲಿ, ಒಂದರಲ್ಲಿ ಮಾಲೀಕರ ಸಹಿ, ತಾರೀಕು ಹಾಕಿಸಿ ಮನೆಯಲ್ಲಿಡಿ. ಡಿಸೆಂಬರಿನ ನಗದು 3,000ಕ್ಕೆ ಬೇರೆ ರಸೀದಿ ಕೇಳಿ ಪಡೆಯಿರಿ. ಸಂಬಳದ ಚೀಟಿಯಲ್ಲಿ ಕಾಣದ ಕಂತು ಅದೊಂದೇ, ಏಪ್ರಿಲ್‌ನಲ್ಲಿ ಬಾಕಿ ಹೊಂದದೆ ಮಾತು ಬರುವುದೂ ಅಲ್ಲೇ.