ನಾಲಿಗೆಗೆ ಹತ್ತುವ ಹೆಸರು: ಟ್ಯಾಲಿ

ಹುಣಸೂರಿನ ಗೊಬ್ಬರದಂಗಡಿಯಾಗಲಿ ಕೆ.ಆರ್. ನಗರದ ಅಕ್ಕಿ ಗಿರಣಿಯಾಗಲಿ, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದೆಂದರೆ ಮೊದಲು ನೆನಪಾಗುವ ಹೆಸರು ಟ್ಯಾಲಿ.

ಈ ತಂತ್ರಾಂಶವನ್ನು ತಯಾರಿಸುವ, 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಮಗ ಭರತ್ ಗೋಯೆಂಕಾ ಆರಂಭಿಸಿದ ಬೆಂಗಳೂರಿನ ಕಂಪನಿಗೆ ಮೊದಲಿದ್ದ ಹೆಸರು ಪ್ಯೂಟ್ರಾನಿಕ್ಸ್. ಅದು ಯಂತ್ರದ ಕಡೆ ಬೊಟ್ಟು ಮಾಡುತ್ತಿತ್ತು. ಟ್ಯಾಲಿ ವ್ಯಾಪಾರಿಯ ಕೆಲಸವನ್ನೇ ಹೇಳಿತು. ಸಂಜೆ ಗಲ್ಲಾಪೆಟ್ಟಿಗೆಯ ನಗದು, ಪುಸ್ತಕದ ಮೊತ್ತ ಎರಡೂ ಕೂಡಬೇಕು, ಅಷ್ಟೇ. ನಮ್ಮಲ್ಲಿ ಹಿಂದಿನಿಂದಲೂ ಲೆಕ್ಕ ‘ತಾಳೆ’ ನೋಡುವ ರೂಢಿಯಿರುವುದರಿಂದ ಈ ಹೆಸರು ಕಿವಿಗೆ ಹೊಸದೆನಿಸುವುದಿಲ್ಲ. ಈ ಹೊಂದಿಕೆ ಆಕಸ್ಮಿಕವಾದರೂ ಬಲು ಸೊಗಸು. ಎರಡೇ ಅಕ್ಷರ, ಪಿರಿಯಾಪಟ್ಟಣದ ವರ್ತಕ ಎಚ್.ಡಿ. ಕೋಟೆಯ ನೆಂಟನಿಗೆ ಫೋನಿನಲ್ಲಿ ಒಮ್ಮೆ ಹೇಳಿದರೆ ಸಾಕು, ಕಾಗುಣಿತ ಕೇಳಬೇಕಿಲ್ಲ. 1999ರಲ್ಲಿ ಕಂಪನಿಯೇ ಟ್ಯಾಲಿ ಸಲ್ಯೂಷನ್ಸ್ ಎಂಬ ಹೆಸರು ಪಡೆಯಿತು.

ಈ ಹೆಸರಿನ ಭರವಸೆಗೂ ಒಂದು ಮಿತಿಯಿದೆ. ಒಬ್ಬ ರೈತನ 4,800 ರೂಪಾಯಿ ಸಾಲವನ್ನು ಅದೇ ಹೆಸರಿನ ಇನ್ನೊಬ್ಬನ ಖಾತೆಗೆ ಬರೆದರೂ ಖರ್ಚು-ಜಮೆಯ ಮೊತ್ತಗಳು ಸರಿಹೊಂದಿಯೇ ಇರುತ್ತವೆ. ತಪ್ಪು ಗೊತ್ತಾಗುವುದು ವಸೂಲಿಗೆ ಹೋದಾಗ.

ಆದರೂ ಬಾಯಿಂದ ಬಾಯಿಗೆ ಸಲೀಸಾಗಿ ಸಾಗುವುದೇ ಈ ಹೆಸರಿನ ಬಲ. ಆದ್ದರಿಂದ ಹೊಸ ತಂತ್ರಾಂಶಕ್ಕೆ ಹೆಸರಿಡುವವರು ಅದನ್ನು ಮೊದಲು ಅಂಗಡಿಯವರೊಬ್ಬರಿಂದ ಫೋನಿನಲ್ಲಿ ಇನ್ನೊಬ್ಬರಿಗೆ ಹೇಳಿಸಿ ನೋಡಲಿ.