ಹೆಣ್ಣು ಕೊಡದವರ ಪ್ರಶ್ನೆ

2023ರ ಫೆಬ್ರುವರಿ ಕೊನೆಯ ವಾರ ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಒಂದು ಪಾದಯಾತ್ರೆ ಹೊರಟಿತು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವುದು ಆ ಸೀಮೆಗೆ ಹೊಸದೇನಲ್ಲ. ಹೊಸದಾಗಿದ್ದದ್ದು ಷರತ್ತು. ಬರುವವನಿಗೆ ಮೂವತ್ತು ತುಂಬಿರಬೇಕು, ಮದುವೆಯಾಗಿರಬಾರದು, ನಿಶ್ಚಿತಾರ್ಥವೂ ಆಗಿರಬಾರದು. ಬ್ರಹ್ಮಚಾರಿಗಳ ಪಾದಯಾತ್ರೆ ಎಂದು ಸುದ್ದಿಯಾದ ಇದಕ್ಕೆ ಹೆಸರು ಕೊಟ್ಟವರು ಬಹಳ, ಹೆಜ್ಜೆ ಹಾಕಿದವರು ಕಡಿಮೆ. ಸುದ್ದಿ ಟಿ.ವಿ.ಗೆ ಹೋಗಿ ಜನ ನಗಲು ಶುರುಮಾಡಿದ ಮೇಲೆ ಹಲವರು ಹಿಂದೆ ಸರಿದರು.

ಈ ನಡಿಗೆಯನ್ನು ತಮಾಷೆಯಾಗಿ ನೋಡಿದವರು ಅದರ ಹಿಂದಿನ ಒಂದು ಪದ್ಧತಿಯನ್ನು ನೋಡಲಿಲ್ಲ ಎನಿಸುತ್ತದೆ. ನೂರು ಕಿಲೋಮೀಟರಿಗೂ ಹೆಚ್ಚು ನಡೆದು ದೇವರ ಮುಂದೆ ನಿಲ್ಲುವುದು ಇವರಿಗೆ ಸುಲಭವೇ. ನಂಟರ ಮನೆಯ ಬೀಗರೂಟದಲ್ಲಿ ಎಲೆ ಮುಂದೆ ಕೂರುವುದು ಕಷ್ಟ. 'ಯಾವಾಗ್ಲಾ ಊಟ ಹಾಕ್ಸದು?' ಎಂದು ದೊಡ್ಡಪ್ಪ ಕೇಳುತ್ತಾರೆ, ಬಡಿಸುವವನೂ ಕೇಳುತ್ತಾನೆ. ಆಮೇಲೆ, ಉಣ್ಣಲು ಕೂತ ಹುಡುಗನಿಗೆ ಕೇಳಿಸುವ ಹಾಗೆಯೇ, ಪಕ್ಕದವರಿಗೆ ಇನ್ನೊಂದು ಮಾತು: 'ಏನೋ ಐಬಿರ್ಬೇಕು ಕಣಪ್ಪಾ, ಇಲ್ದಿದ್ರೆ ಇಷ್ಟೊತ್ಗೆ ಆಗ್ಬೇಕಿತ್ತು.'

ಇದನ್ನು ಬರೀ ಚಾಡಿ ಎಂದು ತಳ್ಳಿಹಾಕಿದರೆ ವಿಮರ್ಶೆ ಆಗುವುದಿಲ್ಲ. ಹೀಗೆ ಕೇಳುವ ಹಕ್ಕು ಬಂದದ್ದಾದರೂ ಎಲ್ಲಿಂದ? ಹಳೇ ಮೈಸೂರಿನ ಒಕ್ಕಲು ಮನೆಗಳಲ್ಲಿ ಸೋದರಿಕೆಯ ಮದುವೆ ನಡೆಯುತ್ತಿತ್ತು, ಈಗಲೂ ಅಲ್ಲಲ್ಲಿ ಉಂಟು. ಅಕ್ಕನ ಮಗಳನ್ನು ತಮ್ಮ ಕಟ್ಟಿಕೊಳ್ಳುವುದು, ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ತರುವುದು. ಆ ಏರ್ಪಾಡಿನಲ್ಲಿ 'ಯಾಕ್ಲಾ ಇನ್ನೂ ಆಗಿಲ್ಲ' ಎಂದು ಕೇಳುವ ಮಾವನ ಮನೆಯಲ್ಲೇ ಒಬ್ಬಳು ಮಗಳು ಇರುತ್ತಿದ್ದಳು. ಪ್ರಶ್ನೆಯ ಬೆನ್ನಿಗೆ ಒಂದು ಹೊಣೆ ಇತ್ತು: ಕೊಡುತ್ತೇನೆ, ಇಲ್ಲವೇ ಹುಡುಕಿ ಕೊಡುತ್ತೇನೆ. ಆ ಮಗಳನ್ನು ಯಾರೂ ಕೇಳುತ್ತಿರಲಿಲ್ಲ ಎಂಬುದು ಆ ಕಾಲದ ದೊಡ್ಡ ದೋಷ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಪ್ರಶ್ನೆ ಬರಿಗೈಯಲ್ಲಿ ಬರುತ್ತಿರಲಿಲ್ಲ.

ಈಗ ಅದೇ ಮಾವ ತನ್ನ ಮಗಳಿಗೆ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನನ್ನೋ ಸರ್ಕಾರಿ ನೌಕರನನ್ನೋ ನೋಡುತ್ತಾನೆ. ಅದು ಅವನ ಮತ್ತು ಮಗಳ ಇಷ್ಟ, ತಪ್ಪೇನಿಲ್ಲ. ಆದರೆ ಅಳಿಯನಾಗಲಾರದ ಅಳಿಯನನ್ನು ಎಲೆ ಮುಂದೆ ಕೂರಿಸಿ ವಿಚಾರಣೆ ಮಾಡುವುದನ್ನು ಮಾತ್ರ ಬಿಟ್ಟಿಲ್ಲ. ಕೊಡುವ ಹೊಣೆ ಹೋಯಿತು, ಕೇಳುವ ಅಧಿಕಾರ ಉಳಿಯಿತು. ನನ್ನ ತಕರಾರು ಇರುವುದು ಇಲ್ಲೇ.

ಇನ್ನು ಆ 'ಐಬು'. 2023ರಲ್ಲಿ ಮೂವತ್ಮೂರು ವರ್ಷದ ರೈತನೊಬ್ಬ ಇದ್ದ ಎಂದುಕೊಳ್ಳೋಣ. ಮದ್ದೂರಿನ ಕಡೆಯವನು, ಮೂರು ಎಕರೆ ಕಬ್ಬು, ಎರಡು ಸೀಮೆಹಸು, ಬೆಳಿಗ್ಗೆ ಸಂಜೆ ಡೇರಿಗೆ ಹಾಲು. ಮನೆಯವರು ಅವನಿಗೆ ನೋಡುವುದು ಐದಾರು ವರ್ಷ ಚಿಕ್ಕ ಹುಡುಗಿಯನ್ನು, ಅಂದರೆ 1995-96ರ ಸುಮಾರಿಗೆ ಹುಟ್ಟಿದವಳನ್ನು. 2001ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಮಕ್ಕಳೆಂದು ಲೆಕ್ಕಕ್ಕೆ ಸಿಕ್ಕವರಲ್ಲಿ ಇಂಥವರೂ ಇದ್ದರು. ಕರ್ನಾಟಕದಲ್ಲಿ ಆಗ ಸಾವಿರ ಗಂಡುಮಕ್ಕಳಿಗೆ 946 ಹೆಣ್ಣುಮಕ್ಕಳಿದ್ದರು. 1991ರಲ್ಲಿ 960 ಇದ್ದದ್ದು ಅಷ್ಟಕ್ಕೆ ಇಳಿದಿತ್ತು. ಇದರ ಜೊತೆಗೆ ಇನ್ನೊಂದು ಸಂಗತಿಯಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ರಾಜ್ಯದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು 1992-93ರ ಸಮೀಕ್ಷೆಯಲ್ಲಿ 2.85 ಇದ್ದದ್ದು 2019-21ಕ್ಕೆ 1.7 ಆಗಿದೆ. ಹೆರಿಗೆ ಹೀಗೆ ಕಡಿಮೆಯಾಗುತ್ತ ಹೋದಾಗ ಕ್ರಮೇಣ ಹಿಂದಿನ ತಲೆಗಿಂತ ಮುಂದಿನ ತಲೆ ಚಿಕ್ಕದಾಗುತ್ತದೆ. ಐದಾರು ವರ್ಷ ಚಿಕ್ಕವಳೇ ಬೇಕು ಎನ್ನುವವರು ಆ ಚಿಕ್ಕ ತಲೆಯಲ್ಲೇ ಹುಡುಕುತ್ತಿದ್ದಾರೆ. ಹುಡುಗನ ವಯಸ್ಸು ವರ್ಷ ವರ್ಷ ಏರಿದರೂ ಅಮ್ಮನ ಮನಸ್ಸಿನ ಸೊಸೆಯ ವಯಸ್ಸು ಇಪ್ಪತ್ತೈದರಲ್ಲೇ ನಿಂತಿರುತ್ತದೆ. ಇಷ್ಟೆಲ್ಲ ಆದ ಮೇಲೂ ಐಬು ಆ ಒಬ್ಬನ ಮೈಮೇಲೆ.

ಹೆಣ್ಣುಮಕ್ಕಳ ಸಂಖ್ಯೆ ಇಳಿಸಿದ ಭ್ರೂಣ ಹತ್ಯೆ ಮುಗಿದ ಕಥೆ ಎಂದು ಸಮಾಧಾನ ಪಡುವಂತೆಯೂ ಇಲ್ಲ. ಈ ಪಾದಯಾತ್ರೆಯಾದ ವರ್ಷವೇ, ನವೆಂಬರಿನಲ್ಲಿ, ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣದ ಲಿಂಗ ಹೇಳುತ್ತಿದ್ದ ಜಾಲ ಬಯಲಾಯಿತು.

ಒತ್ತಡ ಕೆಲಸ ಮಾಡುವ ಬಗೆ ನೋಡಿ. ಮೊದಲ ಎರಡು ಮೂರು ವರ್ಷ ನಂಟರು ಹುಡುಗನ ಪರವಾಗಿ ಮಾತಾಡುತ್ತಾರೆ: ನಮ್ಮವನಿಗೇನು ಕಮ್ಮಿ. ಮೂವತ್ತು ದಾಟುತ್ತಿದ್ದಂತೆ ಮಾತು ಜಾತಕಕ್ಕೆ ತಿರುಗುತ್ತದೆ. ಕುಜದೋಷ, ಸರ್ಪದೋಷ, ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸು. ಅದೂ ಆದ ಮೇಲೆ ಬಯೋಡೇಟಾ ತಿದ್ದುವ ಹಂತ. ವಯಸ್ಸಿನಲ್ಲಿ ಎರಡು ವರ್ಷ ಇಳಿಸು, 'ಕೃಷಿ' ಅನ್ನೋದನ್ನು ತೆಗೆದು 'ಬೆಂಗಳೂರಲ್ಲಿ ಸ್ವಂತ ಉದ್ಯೋಗ' ಅಂತ ಬರೆಸು. ಇಷ್ಟು ಹೊತ್ತಿಗೆ ಹುಡುಗ ಎಲ್ಲಕ್ಕೂ ಹೂಂ ಅನ್ನುವ ಸ್ಥಿತಿಗೆ ಬಂದಿರುತ್ತಾನೆ. ಒತ್ತಾಯದ ನಿಜವಾದ ಫಲ ಅದೇ. ಅದು ಸಂಬಂಧವನ್ನು ಹತ್ತಿರ ತರುವುದಿಲ್ಲ, ಬೇಡ ಎನ್ನುವ ಶಕ್ತಿಯನ್ನು ತೆಗೆಯುತ್ತದೆ. ದಲ್ಲಾಳಿ ಬಂದು 'ಬೇರೆ ಜಿಲ್ಲೆಯ ಹುಡುಗಿ, ಅಪ್ಪ ಅಮ್ಮ ಇಲ್ಲ, ವಾರದೊಳಗೆ ದೇವಸ್ಥಾನದಲ್ಲಿ ಮುಗಿಸಿಬಿಡೋಣ, ಮುಂಗಡ ಕೊಡಿ' ಎಂದಾಗ ಮನೆಯಲ್ಲಿ ಯಾರೂ ಹುಡುಗಿಯ ಊರಿಗೆ ಹೋಗಿ ವಿಚಾರಿಸುವುದಿಲ್ಲ. ಒಡವೆ ಸಮೇತ ಮಾಯವಾದ ಮದುಮಗಳ ದೂರು ಪೊಲೀಸರಿಗೆ ಬರುವುದು ಹೆಚ್ಚಾಗಿ ಇಂಥ ಅವಸರದ ಮನೆಗಳಿಂದ. ಮೋಸವಿಲ್ಲದ ಕಡೆಯೂ ಹುಸಿ ಬಯೋಡೇಟಾ ಮದುವೆಯ ಮಾರನೆಯ ತಿಂಗಳೇ ಹೊರಗೆ ಬೀಳುತ್ತದೆ. ಉದ್ಯೋಗ ಎಂದು ಬಂದವಳು ನಸುಕಿನಲ್ಲಿ ಕೊಟ್ಟಿಗೆಗೆ ಇಳಿಯಬೇಕಾಗುತ್ತದೆ.

ಹಾಗಾದರೆ ಪಾದಯಾತ್ರೆಯ ಬೆಲೆ ಏನು? ಒಬ್ಬೊಬ್ಬನೇ ನುಂಗುತ್ತಿದ್ದ ಅವಮಾನವನ್ನು ಅದು ಹತ್ತು ಜನರ ಸಂಗತಿಯಾಗಿ ಮಾಡಿತು. ನನ್ನೊಬ್ಬನ ಐಬಲ್ಲ, ಊರಿನದೇ ಸ್ಥಿತಿ ಎಂದು ರಸ್ತೆಯಲ್ಲಿ ನಿಂತು ಹೇಳುವುದಕ್ಕೆ ಧೈರ್ಯ ಬೇಕು. ಆ ಮಟ್ಟಿಗೆ ಅದು ಯಾವ ವಧೂವರ ಸಮಾವೇಶಕ್ಕಿಂತಲೂ ಮೇಲು. ಆದರೆ ಅದು ಕೇಳಿದ್ದು ದೇವರನ್ನು. ಹೆಣ್ಣುಮಕ್ಕಳು ಯಾಕೆ ಒಲ್ಲೆ ಅನ್ನುತ್ತಾರೆ ಎಂಬ ಪ್ರಶ್ನೆಯನ್ನು ಬೆಟ್ಟ ಹತ್ತುವಾಗಲೂ ಇಳಿಯುವಾಗಲೂ ಬದಿಗಿಟ್ಟಿತು. ಎರಡು ತಿಂಗಳಲ್ಲಿ ರಾಜಕೀಯ ಅದಕ್ಕೆ ತನ್ನ ಉತ್ತರ ಕೊಟ್ಟಿತು. ವಿಧಾನಸಭಾ ಚುನಾವಣೆಯ ಪ್ರಚಾರಕ್ಕೆ ಕೋಲಾರಕ್ಕೆ ಬಂದ ಎಚ್.ಡಿ. ಕುಮಾರಸ್ವಾಮಿ, ರೈತರ ಮಕ್ಕಳನ್ನು ಮದುವೆಯಾಗುವ ಹುಡುಗಿಯರಿಗೆ ಎರಡು ಲಕ್ಷ ರೂಪಾಯಿ ಕೊಡುವ ಮಾತಾಡಿದರು. ಬೀಗರೂಟದ ದೊಡ್ಡಪ್ಪನ ತರ್ಕವೇ ಇದು, ಸ್ವಲ್ಪ ದುಡ್ಡು ಸೇರಿಸಿ: ಮದುವೆ ಎಂಬುದೊಂದು ಆಗಿಬಿಟ್ಟರೆ ಸಾಕು.

ಪಿಯುಸಿ ದಾಟಿ ಡಿಗ್ರಿ ಮಾಡಿದ ಹುಡುಗಿ ಹೇಳುವ ಕಾರಣಗಳು ಗುಟ್ಟಿನವಲ್ಲ. ಸಗಣಿ ಬಾಚುವ ಕೆಲಸವೆಲ್ಲ ಸೊಸೆಯದೇ ಆಗುತ್ತದೆ, ಕಾರ್ಖಾನೆಯ ಕಬ್ಬಿನ ದುಡ್ಡು ಯಾವಾಗ ಬರುತ್ತದೋ ಗೊತ್ತಿಲ್ಲ, ಬಂದರೂ ಮಾವನ ಖಾತೆಗೆ, ಕೆಲಸಕ್ಕೆ ಹೋಗುತ್ತೇನೆಂದರೆ ಬಸ್ಸಿಲ್ಲ. ಇವುಗಳಲ್ಲಿ ಎರಡನ್ನಾದರೂ ಮನೆಯೊಳಗೇ ಸರಿಮಾಡಬಹುದು. ಹಾಲಿನ ಬಟವಾಡೆಯನ್ನು ಸೊಸೆಯ ಖಾತೆಗೆ ಹಾಕಿಸುವುದಕ್ಕೆ ಸರ್ಕಾರ ಬೇಕಿಲ್ಲ, ಮಗನೂ ಕೊಟ್ಟಿಗೆಗೆ ಇಳಿಯುವುದಕ್ಕೆ ಮಾದಪ್ಪನ ಅಪ್ಪಣೆ ಬೇಕಿಲ್ಲ. ಹುಡುಗಿ ಒಲ್ಲೆ ಎಂದಾಗ ಅವಳ ತಾಯಿಯನ್ನು ಮಾತಾಡಿಸಿ, ಇಂಥದ್ದಕ್ಕೆ ಬೇಡವೆಂದರು ಎಂದು ಹುಡುಗನ ಮನೆಗೆ ಬಂದು ನೆಟ್ಟಗೆ ಹೇಳುವ ಒಬ್ಬ ಸೋದರತ್ತೆ ಇದ್ದರೆ, ಅವಳಿಗೆ ಮಾತ್ರ ಮುಂದಿನ ಸಲ ಊಟದ ವಿಷಯ ಕೇಳುವ ಹಕ್ಕಿದೆ.